ಪುಟ ಉಳಿದಿದೆ, ವಿಡಿಯೊ ಎಲ್ಲಿ?

ಹಳೆಯ ಲೇಖನದಲ್ಲಿದ್ದ ಯೂಟ್ಯೂಬ್ ಲಿಂಕ್ ಒತ್ತಿದಾಗ ‘ಈ ವಿಡಿಯೊ ಲಭ್ಯವಿಲ್ಲ’ ಎಂದು ಬಂದರೆ, ಈಗೀಗ ಅನೇಕರು ಅಷ್ಟಕ್ಕೇ ಕೈಚೆಲ್ಲುವುದಿಲ್ಲ. ಅದೇ ವಿಳಾಸವನ್ನು ವೇಬ್ಯಾಕ್ ಮೆಷಿನ್‌ಗೆ ಹಾಕಿ ನೋಡುತ್ತಾರೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಹುಡುಕಿಕೊಂಡು archive.orgಗೆ ಹೋದವರಿಗೆ ಇದನ್ನು ನಡೆಸುವ ಸಂಸ್ಥೆಯ ಪರಿಚಯ ಇದ್ದೇ ಇರುತ್ತದೆ. ಅದು ಸ್ಯಾನ್‌ಫ್ರಾನ್ಸಿಸ್ಕೊದ ಇಂಟರ್ನೆಟ್ ಆರ್ಕೈವ್. 1996ರಿಂದ ವೆಬ್ ಪುಟಗಳ ನಕಲು ತೆಗೆದಿಡುತ್ತಿರುವ ಈ ಸಂಸ್ಥೆ 2001ರಲ್ಲಿ ಆ ನಕಲುಗಳನ್ನು ಎಲ್ಲರಿಗೂ ತೆರೆದಿಟ್ಟಿತು. ವಿಳಾಸ ಹಾಕಿದರೆ ಕ್ಯಾಲೆಂಡರ್ ಬರುತ್ತದೆ. ನಕಲು ತೆಗೆದ ದಿನಗಳ ಮೇಲೆ ಚುಕ್ಕೆಗಳಿರುತ್ತವೆ. ಒಂದು ನೀಲಿ ಚುಕ್ಕೆ ಒತ್ತಿದರೆ ಪುಟ ತೆರೆದುಕೊಳ್ಳುತ್ತದೆ: ಶೀರ್ಷಿಕೆ ಇದೆ, ಚಾನೆಲ್‌ನ ಹೆಸರಿದೆ, ಕೆಳಗಿನ ವಿವರಣೆಯೂ ಇದೆ. ವಿಡಿಯೊ ಇರಬೇಕಾದ ಜಾಗದಲ್ಲಿ ಮಾತ್ರ ಕಪ್ಪು ಚೌಕ, ಸುತ್ತುತ್ತಲೇ ಇರುವ ಉಂಗುರ.

ಹೆಚ್ಚಿನವರು ಇಲ್ಲಿಗೆ ಬಂದು, ಆರ್ಕೈವ್‌ನಲ್ಲಿ ವಿಡಿಯೊ ಇಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಡುತ್ತಾರೆ. ಆ ತೀರ್ಮಾನ ಅವಸರದ್ದು. ಪುಟ ಉಳಿಯುವುದು ಒಂದು, ವಿಡಿಯೊ ಉಳಿಯುವುದು ಇನ್ನೊಂದು. ಒಂದು ಉಳಿದ ಮಾತ್ರಕ್ಕೆ ಇನ್ನೊಂದು ಉಳಿದಿರಬೇಕೆಂದಿಲ್ಲ. ಹಾಗೆಯೇ ಪುಟದಲ್ಲಿ ಓಡದ ವಿಡಿಯೊ ಅದೇ ಆರ್ಕೈವ್‌ನ ಬೇರೊಂದು ಮೂಲೆಯಲ್ಲಿ ಇರಲೂಬಹುದು.

ಯೂಟ್ಯೂಬ್ ಪುಟ ತೆರೆದಾಗ ನಮ್ಮ ಬ್ರೌಸರ್‌ಗೆ ಮೊದಲು ಬರುವುದು ಒಂದಿಷ್ಟು ಪಠ್ಯ, ಕೆಲವು ಚಿತ್ರಗಳು ಮತ್ತು ಪ್ಲೇಯರ್ ಎಂಬ ಪ್ರೋಗ್ರಾಂ. ವಿಡಿಯೊ ಅದರೊಳಗಿಲ್ಲ. ಪ್ಲೇಯರ್ ಓಡಲು ಶುರುವಾದ ಮೇಲೆ googlevideo.com ಎಂಬ ಬೇರೆ ಹೆಸರಿನ ಸರ್ವರ್‌ಗಳಿಂದ ವಿಡಿಯೊವನ್ನು ತರಿಸಿಕೊಳ್ಳುತ್ತದೆ. ಹಾಗೆ ತರಿಸುವ ವಿಳಾಸ ತುಂಬಾ ಉದ್ದ. ಅದರೊಳಗೆ expire= ಎಂದು ಒಂದು ಸಮಯ, ip= ಎಂದು ಕೇಳಿದ ಕಂಪ್ಯೂಟರಿನ ಗುರುತು, ಇವೆರಡನ್ನೂ ತಿದ್ದಲಾಗದಂತೆ ಮಾಡುವ ಒಂದು ಡಿಜಿಟಲ್ ಸಹಿ ಇರುತ್ತವೆ. ರೈಲಿನ ರಿಸರ್ವೇಶನ್ ಟಿಕೆಟ್ ಹಾಗೆ ಅದು ಆ ಪ್ರಯಾಣಿಕನಿಗೆ, ಆ ಹೊತ್ತಿಗೆ ಮಾತ್ರ. ಕೆಲವು ಗಂಟೆ ಕಳೆದರೆ ಅದೇ ವಿಳಾಸಕ್ಕೆ ಸರ್ವರ್ ಬಾಗಿಲು ತೆರೆಯುವುದಿಲ್ಲ. ನೀವು ಈಗ ನೋಡಿದ ವಿಡಿಯೊವನ್ನೇ ನಾಳೆ ನೋಡಿದರೆ ಅದು ಬರುವುದು ಬೇರೆ ವಿಳಾಸದಿಂದ.

ಬರುವುದೂ ಇಡಿಯಾಗಿ ಅಲ್ಲ. ದೃಶ್ಯಕ್ಕೊಂದು ಫೈಲ್, ಧ್ವನಿಗೊಂದು ಫೈಲ್. ದೃಶ್ಯದಲ್ಲಿಯೂ 144ಪಿ ಇಂದ ಹಿಡಿದು ಮೇಲಿನವರೆಗೆ ಹಲವು ಗುಣಮಟ್ಟದ ಪ್ರತಿಗಳು. ನೆಟ್‌ವರ್ಕ್ ಹೇಗಿದೆ ನೋಡಿಕೊಂಡು ಪ್ಲೇಯರ್ ಇವುಗಳಲ್ಲಿ ಬೇಕಾದ್ದನ್ನು ತುಂಡು ತುಂಡಾಗಿ ತರಿಸಿ, ಕಂಪ್ಯೂಟರಿನ ಮೆಮೊರಿಯಲ್ಲಿ ಜೋಡಿಸಿ ತೋರಿಸುತ್ತದೆ. ಬ್ರೌಸರ್‌ನಲ್ಲಿ ‘ಪುಟವನ್ನು ಉಳಿಸಿ’ ಎಂದು ಕೊಟ್ಟು ನಿಶ್ಚಿಂತೆಯಿಂದ ಇದ್ದವರಿಗೆ ಮುಂದೆ ನಿರಾಶೆಯಾಗುವುದು ಇದರಿಂದಲೇ. ಅವರ ಡಿಸ್ಕ್‌ನಲ್ಲಿ ವಿಡಿಯೊದ ಫೈಲ್ ಇರುವುದಿಲ್ಲ. ಬೇರೆ ಜಾಲತಾಣದ ಲೇಖನವೊಂದರಲ್ಲಿ ಅಂಟಿಸಿದ ಯೂಟ್ಯೂಬ್ ವಿಡಿಯೊ ಆಗಿದ್ದರೆ, ಉಳಿಸಿದ ಪುಟದಲ್ಲಿ ಅದು ಕೆಲವು ಕಾಲ ಓಡುವಂತೆ ಕಾಣಲೂಬಹುದು. ಆಗ ಓಡುವುದು ಉಳಿಸಿದ ಪ್ರತಿಯಲ್ಲ, ಯೂಟ್ಯೂಬ್‌ನಲ್ಲಿ ಇನ್ನೂ ಇರುವ ಮೂಲ. ಮೂಲ ಹೋದ ದಿನ ಇದೂ ನಿಲ್ಲುತ್ತದೆ.

ಆರ್ಕೈವ್‌ನ ರೋಬಾಟ್ ಕೆಲಸ ಮಾಡುವ ರೀತಿ ನೋಡಿದರೆ ಕಪ್ಪು ಚೌಕದ ಕಾರಣ ಸ್ಪಷ್ಟವಾಗುತ್ತದೆ. ಅದು ಪುಟ ತರುತ್ತದೆ, ಪುಟದಲ್ಲಿ ಬರೆದಿರುವ ಚಿತ್ರಗಳ ಮತ್ತು ಲಿಂಕ್‌ಗಳ ವಿಳಾಸ ಓದಿ ಅವನ್ನೂ ತರುತ್ತದೆ. ಮನುಷ್ಯರಂತೆ ಪ್ಲೇ ಗುಂಡಿ ಒತ್ತಿ ಕೊನೆಯವರೆಗೆ ಕೂತು ನೋಡುವುದಿಲ್ಲ. ಗುಂಡಿ ಒತ್ತದಿದ್ದರೆ ತುಂಡುಗಳಿಗೆ ಬೇಡಿಕೆಯೇ ಹೋಗುವುದಿಲ್ಲ, ಬೇಡಿಕೆ ಹೋಗದ್ದು ನಕಲಾಗುವುದಿಲ್ಲ. ಒತ್ತಿಸುವ ವ್ಯವಸ್ಥೆ ಮಾಡಿದರೂ ಗಾತ್ರದ ಪ್ರಶ್ನೆ ಬರುತ್ತದೆ. ಪುಟದ ತೂಕ ಕೆಲವು ಎಂಬಿ; ಒಂದು ಗಂಟೆಯ ಸಾಧಾರಣ ಗುಣಮಟ್ಟದ ವಿಡಿಯೊ ನೂರಾರು ಎಂಬಿ. ಯೂಟ್ಯೂಬ್‌ಗೆ ಬಂದು ಬೀಳುವ ಎಲ್ಲವನ್ನೂ ಇಡುತ್ತೇನೆಂದು ಯಾವ ದತ್ತಿ ಸಂಸ್ಥೆಯೂ ಹೊರಡಲಾರದು. ಹಾಗಾಗಿ ವೇಬ್ಯಾಕ್‌ನಲ್ಲಿ ಕೆಲವು ವಿಡಿಯೊಗಳ ಫೈಲ್ ಇರುತ್ತದೆ, ಹೆಚ್ಚಿನವುಗಳದ್ದು ಇರುವುದಿಲ್ಲ.

ಫೈಲ್ ಇದ್ದಾಗಲೂ ಒಂದು ತೊಡಕು ಉಳಿಯುತ್ತದೆ. ವೇಬ್ಯಾಕ್ ಎಲ್ಲವನ್ನೂ ವಿಳಾಸದ ಮೇಲೆ ಹುಡುಕುತ್ತದೆ. ಹಳೆಯ ಪುಟದ ಪ್ಲೇಯರ್ ಕೇಳುವ ವಿಳಾಸಕ್ಕೂ, ಅಂದು ನಕಲಾದ ಫೈಲಿನ ವಿಳಾಸಕ್ಕೂ ತಾಳೆಯಾಗದಿದ್ದರೆ, ಫೈಲ್ ಕಪಾಟಿನಲ್ಲೇ ಇದ್ದರೂ ಕೈಗೆ ಸಿಗುವುದಿಲ್ಲ. ಇದಕ್ಕೆ ಆರ್ಕೈವ್‌ನವರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಯೂಟ್ಯೂಬ್‌ನ ಪ್ರತಿ ವಿಡಿಯೊಗೂ 11 ಅಕ್ಷರಗಳ ಒಂದು ಗುರುತು ಇದೆ, ಅದು ಎಂದೂ ಬದಲಾಗದು. ಆ ಗುರುತನ್ನಷ್ಟೇ ಇಟ್ಟುಕೊಂಡು, ನಿಜ ಜಗತ್ತಿನಲ್ಲಿ ಇಲ್ಲದ ಒಂದು ವಿಳಾಸವನ್ನು ಅವರು ಸೃಷ್ಟಿಸಿಕೊಂಡರು. ಆ ಕೃತಕ ವಿಳಾಸ ಉಳಿದಿರುವ ಫೈಲಿನತ್ತ ಕರೆದೊಯ್ಯುತ್ತದೆ.

ಉದಾಹರಣೆಗೆ ಯೂಟ್ಯೂಬ್‌ನ ಮೊಟ್ಟಮೊದಲ ವಿಡಿಯೊ ತೆಗೆದುಕೊಳ್ಳಿ. ಪ್ರಾಣಿ ಸಂಗ್ರಹಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡುವ, 19 ಸೆಕೆಂಡಿನ ಆ ತುಣುಕು 2005ರ ಏಪ್ರಿಲ್‌ನಲ್ಲಿ ಬಂದದ್ದು. ಅದನ್ನು ಯಾರೂ ತೆಗೆದುಹಾಕಿಲ್ಲ, ಆದರೆ ಕ್ರಮ ತೋರಿಸಲು ಅನುಕೂಲ. ಅದರ ವಿಳಾಸದಲ್ಲಿ v= ಆದ ಮೇಲೆ ಬರುವ jNQXAC9IVRw ಎಂಬುದೇ ಗುರುತು. ಆರ್ಕೈವ್‌ನಲ್ಲಿ ಫೈಲ್ ಇದೆಯೇ ಎಂದು ನೋಡಲು ಬ್ರೌಸರ್‌ನಲ್ಲಿ ಹೀಗೆ ಹಾಕಬೇಕು:

```
https://web.archive.org/web/2oe_/http://wayback-fakeurl.archive.org/yt/jNQXAC9IVRw
```

ನಿಮಗೆ ಬೇಕಾದ ವಿಡಿಯೊದ ಗುರುತನ್ನು ಕೊನೆಯಲ್ಲಿ ಬದಲಿಸಿಕೊಳ್ಳಿ. ಫೈಲ್ ಇದ್ದರೆ ಯೂಟ್ಯೂಬ್‌ನ ಅಲಂಕಾರ ಏನೂ ಇಲ್ಲದೆ ಬರೀ ವಿಡಿಯೊ ಓಡುತ್ತದೆ. ಇಲ್ಲದಿದ್ದರೆ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಆಗ ಇನ್ನೊಂದು ಕಡೆ ನೋಡುವುದು ಬಾಕಿ ಇದೆ. ಸ್ವಯಂಸೇವಕರು ತಮ್ಮ ಆಸಕ್ತಿಯ ವಿಡಿಯೊಗಳನ್ನು ಇಳಿಸಿಕೊಂಡು archive.orgಗೆ ಬಿಡಿ ವಸ್ತುಗಳಾಗಿ ಏರಿಸುವುದುಂಟು. ಅವರು ಬಳಸುವ ಒಂದು ಸಾಧನ ಆ ವಸ್ತುವಿಗೆ archive.org/details/youtube-jNQXAC9IVRw ಎಂಬ ಮಾದರಿಯಲ್ಲಿ ಹೆಸರಿಡುತ್ತದೆ. ಈ ಸಂಗ್ರಹ ವೇಬ್ಯಾಕ್‌ನ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ, ಪ್ರತ್ಯೇಕವಾಗಿಯೇ ಹುಡುಕಬೇಕು.

ಕ್ಯಾಲೆಂಡರಿನ ನೀಲಿ ಚುಕ್ಕೆಯ ಬಗ್ಗೆ ಎಚ್ಚರ ಬೇಕು. ಸರ್ವರ್ ‘ಸರಿ, ಇಗೋ ಪುಟ’ ಎಂದು ಉತ್ತರಿಸಿತು ಎಂಬುದಷ್ಟೇ ಅದರ ಅರ್ಥ. ಪುಟವೇ ಇಲ್ಲ ಎಂದಿದ್ದರೆ ಕಿತ್ತಳೆ ಚುಕ್ಕೆ ಬೀಳುತ್ತದೆ. ಆದರೆ ಯೂಟ್ಯೂಬ್ ತೆಗೆದುಹಾಕಿದ ವಿಡಿಯೊದ ಪುಟಕ್ಕೂ ‘ಸರಿ’ ಎಂದೇ ಉತ್ತರಿಸಿ, ಒಳಗೆ ‘ಲಭ್ಯವಿಲ್ಲ’ ಎಂದು ಬರೆಯುತ್ತದೆ. ಹೀಗಾಗಿ ವಿಡಿಯೊ ಸತ್ತ ಮೇಲೆ ಕುತೂಹಲದಿಂದ ಜನ ಉಳಿಸಿದ ಪುಟಗಳೂ ನೀಲಿಯಾಗಿಯೇ ಕಾಣುತ್ತವೆ. ತೀರಾ ಹಳೆಯ ಚುಕ್ಕೆಯಿಂದ ನೋಡುತ್ತ ಬನ್ನಿ. ಶೀರ್ಷಿಕೆ ಇರುವ ಕೊನೆಯ ನಕಲು ಮತ್ತು ಶೀರ್ಷಿಕೆ ಇಲ್ಲದ ಮೊದಲ ನಕಲು, ಇವೆರಡರ ನಡುವೆ ಎಲ್ಲೋ ವಿಡಿಯೊ ಹೋಗಿದೆ ಎಂದು ತಿಳಿಯುತ್ತದೆ.

ಇದೇ ರೀತಿಯಲ್ಲಿ ಇನ್ನೊಂದು ವಿಷಯ ಗೊತ್ತಾಗುತ್ತದೆ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನಿನ ಆದೇಶದಿಂದ ತಡೆದ ವಿಡಿಯೊ ಹೊರದೇಶದಲ್ಲಿ ಓಡುತ್ತಲೇ ಇರಬಹುದು. ನಮ್ಮಲ್ಲಿ ಕಾಣದ ವಿಡಿಯೊದ ಪುಟ, ಅಮೆರಿಕದಿಂದ ಮೊನ್ನೆ ಮೊನ್ನೆ ತೆಗೆದ ನಕಲಿನಲ್ಲಿ ಶೀರ್ಷಿಕೆ ಸಮೇತ ಸರಿಯಾಗಿದ್ದರೆ, ಅದು ಅಳಿದುಹೋಗಿಲ್ಲ, ಇಲ್ಲಿ ಮಾತ್ರ ತಡೆದಿದ್ದಾರೆ ಎನ್ನಲು ಬಲವಾದ ಸೂಚನೆ.

ಫೈಲ್ ಎಲ್ಲೂ ಸಿಗದಿದ್ದರೂ ಬರೀ ಪುಟ ವ್ಯರ್ಥವಲ್ಲ. ನಿಖರ ಶೀರ್ಷಿಕೆ, ಚಾನೆಲ್, ಏರಿಸಿದ ದಿನ, ವಿವರಣೆ ಸಿಕ್ಕರೆ ಅದೇ ವಿಡಿಯೊವನ್ನು ಬೇರೆಯವರು ಮರಳಿ ಏರಿಸಿದ್ದಾರೆಯೇ ಎಂದು ಹುಡುಕಬಹುದು. 11 ಅಕ್ಷರದ ಗುರುತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ, ಅದನ್ನು ಹಂಚಿಕೊಂಡಿದ್ದ ಹಳೆಯ ಪುಟಗಳು ಸಿಗುತ್ತವೆ. i.ytimg.com/vi/ ಎಂಬುದರ ಮುಂದೆ ಗುರುತು ಮತ್ತು /hqdefault.jpg ಸೇರಿಸಿ ವೇಬ್ಯಾಕ್‌ನಲ್ಲಿ ಹಾಕಿದರೆ, ಎಷ್ಟೋ ಸಲ ಮುಖಚಿತ್ರವಾದರೂ ಉಳಿದಿರುತ್ತದೆ. ಚಿತ್ರಕ್ಕೆ ಸಮಯದ ಮಿತಿಯಾಗಲಿ ಸಹಿಯಾಗಲಿ ಬೇಕಿಲ್ಲದ್ದರಿಂದ ರೋಬಾಟ್‌ಗೆ ಅದು ಸುಲಭದ ತುತ್ತು.

ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು 2017ರಲ್ಲಿ ಕಂಡಿತು. ಉಗ್ರವಾದಿ ವಿಡಿಯೊಗಳನ್ನು ಗುರುತಿಸಲು ಯೂಟ್ಯೂಬ್ ಆ ವರ್ಷ ಯಂತ್ರಕಲಿಕೆಯ ಹೊಸ ವ್ಯವಸ್ಥೆ ತಂದಾಗ, ಸಿರಿಯಾದ ಯುದ್ಧವನ್ನು ದಾಖಲಿಸಿದ್ದ ಸಾವಿರಾರು ವಿಡಿಯೊಗಳೂ ಜೊತೆಯಲ್ಲಿ ಹೋದವು. ಬಾಂಬ್ ಬಿದ್ದ ಬೀದಿಗಳಲ್ಲಿ ನಿಂತು ಸ್ಥಳೀಯರು ಚಿತ್ರಿಸಿದ್ದವು ಅವು. ಚಿತ್ರಿಸಿದವರಲ್ಲಿ ಕೆಲವರ ಬಳಿ ಬೇರೆ ಪ್ರತಿಯೇ ಇರಲಿಲ್ಲ. ಅದೇ ಆಗಸ್ಟ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್ ವರ್ಫಲ್ಲಿಯ ವಿರುದ್ಧ ವಾರಂಟ್ ಹೊರಡಿಸಿತು. ಅದು ಆಧರಿಸಿದ ಪುರಾವೆಗಳಲ್ಲಿ ಸಾಮಾಜಿಕ ಜಾಲತಾಣಗಳ ವಿಡಿಯೊಗಳು ಮುಖ್ಯವಾಗಿದ್ದವು. ನ್ಯಾಯಾಲಯ ಪುರಾವೆ ಎಂದು ನೋಡುವ ಬಗೆಯ ದೃಶ್ಯಗಳನ್ನೇ ಜಾಲತಾಣಗಳು ಅಳಿಸುತ್ತಿದ್ದವು.

ಅಂಥ ವಿಡಿಯೊಗಳನ್ನು ಉಳಿಸಿಕೊಳ್ಳಲು 2014ರಿಂದ ಕೆಲಸ ಮಾಡುತ್ತಿರುವ ಸಿರಿಯನ್ ಆರ್ಕೈವ್ ತಂಡ ಪುಟದ ನಕಲನ್ನು ನೆಚ್ಚಿ ಕೂರಲಿಲ್ಲ. ವಿಡಿಯೊ ಇರುವಾಗಲೇ ಫೈಲನ್ನು ಇಳಿಸಿಕೊಂಡು, ಫೈಲಿನಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಸಂಖ್ಯೆಯನ್ನು ಜೊತೆಗಿಟ್ಟಿತು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸಿಕೊಡಬಹುದು. ಎಲ್ಲಿಂದ, ಯಾವಾಗ, ಯಾವ ಶೀರ್ಷಿಕೆಯಡಿ ಬಂತು ಎಂಬ ವಿವರವನ್ನೂ ಇಟ್ಟಿತು. ಪುಟವಿಲ್ಲದ ಫೈಲ್ ಮೂಲ ತಿಳಿಯದ ದೃಶ್ಯವಾಗಿಬಿಡುತ್ತದೆ.

ನಮ್ಮದೇ ವಿಡಿಯೊ ಆಗಿದ್ದರೆ ಯೂಟ್ಯೂಬ್ ಸ್ಟುಡಿಯೊದಿಂದಲೇ ಇಳಿಸಿಕೊಳ್ಳಬಹುದು. ಇಟ್ಟುಕೊಳ್ಳಲು ಹಕ್ಕೋ ಅನುಮತಿಯೋ ಇರುವ ಬೇರೆ ವಿಡಿಯೊಗೆ ಸಂಗ್ರಹಕಾರರು ಬಳಸುವುದು yt-dlp ಎಂಬ ಉಚಿತ ಸಾಧನವನ್ನು:

```
yt-dlp --write-info-json --write-thumbnail "https://www.youtube.com/watch?v=VIDEO_ID"
```

VIDEO_ID ಇರುವಲ್ಲಿ ಗುರುತು ಹಾಕಿದರೆ ಮೂರು ಫೈಲ್ ಸಿಗುತ್ತವೆ: ವಿಡಿಯೊ, ಮುಖಚಿತ್ರ, ಮತ್ತು ಶೀರ್ಷಿಕೆ, ಚಾನೆಲ್, ದಿನಾಂಕಗಳಿರುವ .info.json. ಅದೇ ದಿನ web.archive.org/saveನಲ್ಲಿ ವಿಳಾಸ ಹಾಕಿ ಪುಟವನ್ನೂ ಉಳಿಸಿದರೆ, ವಿಡಿಯೊ ಆಗ ಸಾರ್ವಜನಿಕವಾಗಿತ್ತು ಎನ್ನಲು ಮೂರನೆಯವರ ಬಳಿ ದಿನಾಂಕ ಸಹಿತ ದಾಖಲೆ ಇರುತ್ತದೆ. ಆದರೆ ಹಕ್ಕುದಾರರು ಕೇಳಿಕೊಂಡರೆ ವೇಬ್ಯಾಕ್ ತನ್ನ ನಕಲನ್ನೂ ಮರೆಮಾಡುತ್ತದೆ. ಆಗ ಉಳಿಯುವುದು ಇಳಿಸಿಕೊಂಡವರ ಬಳಿ ಇರುವ ಆ ಮೂರು ಫೈಲ್‌ಗಳಷ್ಟೇ.