19,900 ಮತ್ತು 34,100: ಅಂತರ ನಿಜಕ್ಕೂ ಎಷ್ಟು?

ನೇಮಕಾತಿ ಅಧಿಸೂಚನೆ ಕೈಗೆ ಸಿಕ್ಕಿದ ಕೂಡಲೇ ನಮ್ಮ ಕಣ್ಣು ಹೋಗುವುದು ವೇತನ ಶ್ರೇಣಿಯ ಮೊದಲ ಅಂಕಿಗೆ. ಆ ಒಂದು ಅಂಕಿಯನ್ನೇ ನಂಬಿ ಯಾವ ಪರೀಕ್ಷೆಗೆ ಓದಬೇಕೆಂದು ನಿರ್ಧರಿಸುವವರೂ ಇದ್ದಾರೆ. ತೊಕ್ಕೊಟ್ಟಿನಲ್ಲಿ ನನ್ನ ಜೊತೆ ರೂಮಿನಲ್ಲಿರುವ ಗೆಳತಿಯ ಲೆಕ್ಕವೂ ಹೀಗೆಯೇ ಇತ್ತು. ಪಿಯುಸಿ ಅರ್ಹತೆಯ ಎರಡು ಹುದ್ದೆಗಳು ಅವಳ ಮುಂದಿದ್ದವು: ಕೇಂದ್ರದ ಎಲ್‌ಡಿಸಿ, ಆರಂಭ 19,900 ರೂಪಾಯಿ; ರಾಜ್ಯದ ದ್ವಿತೀಯ ದರ್ಜೆ ಸಹಾಯಕ, ಅಂದರೆ ಎಸ್‌ಡಿಎ, ಆರಂಭ 34,100. "ಇದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ, 14,200 ರೂಪಾಯಿ ಜಾಸ್ತಿ ಅಲ್ವಾ?" ಎಂದಳು. ಒಂದು ಇಡೀ ವರ್ಷದ ಓದು ಆ ಉತ್ತರದ ಮೇಲೆ ನಿಂತಿದ್ದರಿಂದ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಮೊದಲು ನೋಡಬೇಕಾದದ್ದು ಆ ಅಂಕಿ ಯಾವ ವರ್ಷದ್ದು ಎಂಬುದನ್ನು. ಕೇಂದ್ರದ 19,900 ನಿಗದಿಯಾದದ್ದು 2016ರ ಜನವರಿ 1ಕ್ಕೆ. ಆ ದಿನ ತುಟ್ಟಿಭತ್ಯೆ ಸೊನ್ನೆಯಿಂದ ಶುರುವಾಯಿತು. ರಾಜ್ಯದ 34,100 ಮಾತ್ರ ಏಳನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆಯದು. ಅದರ ಲೆಕ್ಕ 2022ರ ಜುಲೈ 1ಕ್ಕೆ, ಹಣ ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. ಎಸ್‌ಡಿಎಯ ಹಳೆಯ ಆರಂಭಿಕ ವೇತನ 21,400. ಅದಕ್ಕೆ ಆಗಿನ ತುಟ್ಟಿಭತ್ಯೆ ಶೇ 31, ಅಂದರೆ 6,634 ರೂಪಾಯಿ ಸೇರಿಸಿ. ಹೆಚ್ಚಳ ಶೇ 27.5, ಅಂದರೆ 5,885 ಸೇರಿಸಿ. 33,919 ಆಗುತ್ತದೆ. ಅದರ ಮೇಲಿನ ಮೆಟ್ಟಿಲು 34,100. ಅಂದರೆ ಹಳೆಯ ತುಟ್ಟಿಭತ್ಯೆ ಈಗ ಮೂಲ ವೇತನದ ಒಳಗೇ ಕರಗಿದೆ. ಕೇಂದ್ರದಲ್ಲಿ ಅದು ಇನ್ನೂ ಹೊರಗೆ, ಬೇರೆ ಸಾಲಿನಲ್ಲಿದೆ.

ಹಾಗಾಗಿ ಎರಡನ್ನೂ ಒಂದೇ ತಿಂಗಳಿಗೆ ತರಬೇಕು. ನಾವು 2024ರ ಜುಲೈ ಆರಿಸಿಕೊಂಡೆವು. ಆಗ ಕೇಂದ್ರದ ತುಟ್ಟಿಭತ್ಯೆ ಶೇ 53, ರಾಜ್ಯದ್ದು ಶೇ 10.75. ಕೇಂದ್ರದಲ್ಲಿ 19,900 ಹೋಗಿ 30,447 ಆಯಿತು. ರಾಜ್ಯದಲ್ಲಿ 34,100 ಹೋಗಿ ಸುಮಾರು 37,766 ಆಯಿತು. ಮನೆ ಬಾಡಿಗೆ ಭತ್ಯೆ, ಕಡಿತಗಳನ್ನು ಬಿಟ್ಟರೆ ಅಂತರ 7,319. ರಾಜ್ಯದ ಹುದ್ದೆಯೇ ಮುಂದಿದೆ, ಆದರೆ ಗೆಳತಿ ಅಂದುಕೊಂಡದ್ದರ ಅರ್ಧದಷ್ಟು ಮಾತ್ರ.

ಎರಡನೆಯದು ವಾರ್ಷಿಕ ವೇತನ ಬಡ್ತಿ. ಕೇಂದ್ರದಲ್ಲಿ 2006ರಿಂದ 2015ರ ಕೊನೆಯವರೆಗೆ ಗ್ರೇಡ್ ಪೇ ಇತ್ತು. ಎಲ್‌ಡಿಸಿಗೆ 5,200-20,200 ಪೇ ಬ್ಯಾಂಡ್, ಜೊತೆಗೆ 1,900 ಗ್ರೇಡ್ ಪೇ. 2016ರಿಂದ ಅದು ಹೋಗಿ ಲೆವೆಲ್ ಬಂತು, 1,900 ಗ್ರೇಡ್ ಪೇ ಇದ್ದವರು ಲೆವೆಲ್ 2 ಆದರು. ಕೋಚಿಂಗ್ ನೋಟ್ಸ್‌ನಲ್ಲಿ ಇನ್ನೂ ಗ್ರೇಡ್ ಪೇ ಕಂಡರೆ ಅದು ಹಳೆಯ ನೋಟ್ಸ್ ಎಂದು ತಿಳಿಯಿರಿ. ಲೆವೆಲ್ ಪಟ್ಟಿಯಲ್ಲಿ ಒಂದೊಂದು ಬಡ್ತಿ ಸುಮಾರು ಶೇ 3: 19,900ರ ನಂತರ 20,500, ಆಮೇಲೆ 21,100. ಹತ್ತು ಬಡ್ತಿ ಮುಗಿದಾಗ 26,800.

ರಾಜ್ಯದ ಶ್ರೇಣಿಯನ್ನು ಓದುವ ಕ್ರಮವೇ ಬೇರೆ. 2018ರ ಎಸ್‌ಡಿಎ ಶ್ರೇಣಿ ಹೀಗೆ ಶುರುವಾಗುತ್ತದೆ: 21,400-500-22,400-550-24,600-600-27,000. ನಡುವೆ ಇರುವ ಸಣ್ಣ ಅಂಕಿಯೇ ವರ್ಷದ ಬಡ್ತಿ. 500ರಂತೆ ಎರಡು ವರ್ಷ, 550ರಂತೆ ನಾಲ್ಕು ವರ್ಷ, 600ರಂತೆ ನಾಲ್ಕು ವರ್ಷ. ಹತ್ತು ಬಡ್ತಿಗೆ 27,000. ಕೇಂದ್ರದ ಮೂಲ ವೇತನ ಹತ್ತು ಬಡ್ತಿಯಲ್ಲಿ ಸುಮಾರು ಶೇ 35 ಏರಿದರೆ, ಈ ಶ್ರೇಣಿಯಲ್ಲಿ ಏರಿದ್ದು ಶೇ 26. ಇದೇ ರೀತಿ ಕೊನೆಯ 42,000ದವರೆಗೆ ಎಣಿಸಿದರೆ 28 ಬಡ್ತಿಗಳು. 24ಕ್ಕೆ ಸೇರಿದವರು ಇದೇ ಶ್ರೇಣಿಯಲ್ಲಿ ಉಳಿದರೆ 52ನೇ ವಯಸ್ಸಿಗೆ ತುದಿ ಮುಟ್ಟುತ್ತಾರೆ.

ಇದು ಪೂರ್ಣ ಚಿತ್ರ ಅಲ್ಲ, ಏಕೆಂದರೆ ಹುದ್ದೆ ಬಡ್ತಿ ಸಿಗದವರಿಗೆ ಎರಡೂ ಕಡೆ ಹತ್ತು ವರ್ಷಕ್ಕೆ ಮೇಲಿನ ಶ್ರೇಣಿಗೆ ಏರಿಸುವ ವ್ಯವಸ್ಥೆ ಇದೆ. ನಡುವೆ ಹೊಸ ವೇತನ ಆಯೋಗ ಬಂದರೆ ಮೆಟ್ಟಿಲುಗಳೇ ಬದಲಾಗುತ್ತವೆ.

ಗೆಳತಿ ಕೊನೆಗೆ ಎಸ್‌ಡಿಎಗೇ ಓದಲು ಶುರು ಮಾಡಿದಳು. ಕಾರಣ 14,200 ರೂಪಾಯಿ ಅಲ್ಲ, ಕರ್ನಾಟಕದೊಳಗೇ ಕೆಲಸ ಎಂಬುದು; ತಿಂಗಳಿಗೆ ಏಳು ಸಾವಿರದ ಅಂತರ ಕಾಲಕ್ರಮದಲ್ಲಿ ಕಿರಿದಾಗಬಹುದು ಎಂದು ಗೊತ್ತಿದ್ದೇ ಆರಿಸಿಕೊಂಡಳು. ಈಗ ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಹುದ್ದೆಯ ವೇತನದ ಪಕ್ಕ ಎರಡು ಕಾಲಂ ಇವೆ: ಶ್ರೇಣಿ ನಿಗದಿಯಾದ ವರ್ಷ ಮತ್ತು ಮೊದಲ ಬಡ್ತಿಯ ಮೊತ್ತ.