ಸಂಭಾಷಣೆಯ ಕಡತವೂ ಹ್ಯಾಷ್ ಮೌಲ್ಯವೂ

ವಾಟ್ಸ್‌ಆ್ಯಪಿನ ಸಂಭಾಷಣೆಯನ್ನು ಫೋನಿನಿಂದ ಹೊರತೆಗೆದರೆ ದೊರೆಯುವುದು ಸಾಧಾರಣವಾದ ಒಂದು ಪಠ್ಯಕಡತವು. ಅದಕ್ಕೆ ಬೀಗವಿಲ್ಲ, ಮುದ್ರೆಯಿಲ್ಲ. ಯಾರಾದರೂ ಅದನ್ನು ತೆರೆದು ತಿದ್ದಬಹುದು. ಸಾಲಕೊಟ್ಟವನೊಬ್ಬನು ಇಂತಹ ಕಡತವನ್ನು ನ್ಯಾಯಾಲಯದ ಮುಂದಿಟ್ಟನೆಂದು ಭಾವಿಸಬಹುದು. ತಾನು ಒಪ್ಪಿದ್ದು 10,000 ರೂಪಾಯಿಗಳನ್ನೇ, 40,000 ಎಂಬುದು ಆಮೇಲೆ ತಿದ್ದಿದ್ದೆಂದು ಪ್ರತಿವಾದಿಯು ವಾದಿಸಿದರೆ, ಆ ಕಡತದಿಂದಲೇ ಉತ್ತರವು ದೊರೆಯದು.

ಇಲ್ಲಿ ನೆರವಾಗುವುದು ಹ್ಯಾಷ್ ಮೌಲ್ಯ. SHA-256 ಎಂಬ ಗಣಿತಕ್ರಮವು ಕಡತದಲ್ಲಿರುವ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕಡತವು ಎಷ್ಟೇ ದೊಡ್ಡದಾಗಿರಲಿ, 64 ಚಿಹ್ನೆಗಳ ಒಂದು ಸಾಲನ್ನು ಕೊಡುತ್ತದೆ. ಒಂದು ಅಂಕಿಯನ್ನು ಬದಲಿಸಿದರೂ ಆ ಸಾಲು ಗುರುತುಸಿಕ್ಕದಂತೆ ಬೇರೆಯಾಗುವುದು. ಕಡತದ ಹೆಸರನ್ನು ಬದಲಿಸಿದರೆ ಮಾತ್ರ ಏನೂ ಆಗದು. ಏಕೆಂದರೆ ಹೆಸರು ಒಳಗಿನ ಪಾಠಕ್ಕೆ ಸೇರಿದುದಲ್ಲ. ವಿಂಡೋಸ್ ಯಂತ್ರದಲ್ಲಿ ಈ ಆಜ್ಞೆಯು ಸಾಕು:

```
powershell Get-FileHash chat.txt -Algorithm SHA256
```

ಮೌಲ್ಯವು E3B0C442 ಎಂದು ಆರಂಭವಾದರೆ ಕಡತವು ಬರಿದೆಂದು ತಿಳಿಯಬೇಕು. ಅದು ಶೂನ್ಯಕಡತದ ಮೌಲ್ಯವು. ನಕಲು ಅರ್ಧಕ್ಕೆ ನಿಂತುಹೋದಾಗ ಇಂತಹುದು ಕಾಣಬರುವುದುಂಟು.

ಸಾಲಕೊಟ್ಟವನು ಕಡತವನ್ನು ಉಳಿಸಿದ ದಿನವೇ ಈ ಮೌಲ್ಯವನ್ನು ಎಣಿಸಿ ತನ್ನ ಬಳಿಯಲ್ಲಿಯೇ ಇಟ್ಟುಕೊಂಡರೆ ಪ್ರಯೋಜನವು ಸ್ವಲ್ಪವೇ. ಕಡತವನ್ನು ತಿದ್ದಬಲ್ಲವನು ಹೊಸ ಮೌಲ್ಯವನ್ನೂ ಬರೆದಿಡಬಲ್ಲನಷ್ಟೆ. ಆದುದರಿಂದ ಅದನ್ನು ಅಂದೇ ವಕೀಲರಿಗೋ ಪ್ರತಿವಾದಿಗೋ ಇಮೇಲಿನಲ್ಲಿ ಕಳುಹಿಸಿ, ತಾನು ಬದಲಿಸಲಾಗದ ಕಡೆ ದಿನಾಂಕಸಹಿತ ನೆಲೆಗೊಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣಕ್ಕೆ ಸಂಬಂಧಿಸಿದ ಪ್ರಮಾಣಪತ್ರದ ನಮೂನೆಯಲ್ಲಿಯೂ ಹ್ಯಾಷ್ ಮೌಲ್ಯವನ್ನೂ ಅದನ್ನು ಪಡೆದ ಕ್ರಮದ ಹೆಸರನ್ನೂ ನಮೂದಿಸಬೇಕಾಗಿದೆ. MD5 ಮತ್ತು SHA-1 ಎಂಬ ಹಳೆಯ ಕ್ರಮಗಳಲ್ಲಿ ಒಂದೇ ಮೌಲ್ಯವುಳ್ಳ ಎರಡು ಬೇರೆ ಕಡತಗಳನ್ನು ರಚಿಸಿ ತೋರಿಸಿರುವುದರಿಂದ SHA-256ನ್ನು ಆರಿಸುವುದೇ ಲೇಸು.

ನಿರಪರಾಧಿಯೂ ಇದರಲ್ಲಿ ಎಡವಬಹುದು. ಕಡತವನ್ನು ಓದಲು ತೆರೆದು, ಏನನ್ನೂ ತಿದ್ದದೆ ಮತ್ತೆ ಉಳಿಸಿದಾಗ, ಕೆಲವು ತಂತ್ರಾಂಶಗಳು ಮೊದಲಲ್ಲಿ ಕಣ್ಣಿಗೆ ಕಾಣದ 3 ಬೈಟುಗಳನ್ನು ಸೇರಿಸುತ್ತವೆ. ಕೆಲವು ಪ್ರತಿ ಸಾಲಿನ ಕೊನೆಗೆ ಒಂದು ಬೈಟನ್ನು ಸೇರಿಸುತ್ತವೆ. ಮೌಲ್ಯವು ಆಗ ಸಂಪೂರ್ಣವಾಗಿ ಬದಲಾಗುವುದಲ್ಲದೆ, ಬದಲಾವಣೆಯು ಅಲ್ಪವೋ ಘನವೋ ಎಂಬುದನ್ನು ಹೇಳದು. ಗಾತ್ರದ ಅಂತರವು ಸರಿಯಾಗಿ 3 ಅಥವಾ ಸಾಲುಗಳ ಸಂಖ್ಯೆಯಷ್ಟೇ ಇದ್ದರೆ ಕಾರಣವನ್ನು ಊಹಿಸಬಹುದು. ರುಜುವಾತಿಗೆ ಮಾತ್ರ ಮುಟ್ಟದ ಮೂಲಪ್ರತಿಯೇ ಬೇಕು. ಓದುವುದಕ್ಕೆ ನಕಲನ್ನೇ ಬಳಸತಕ್ಕದ್ದು. ಸಂಭಾಷಣೆಯನ್ನು ಮತ್ತೊಮ್ಮೆ ಹೊರತೆಗೆದು ಹೋಲಿಸುವುದೂ ನಂಬತಕ್ಕದ್ದಲ್ಲ. ಆ ನಡುವೆ ಹೊಸ ಸಂದೇಶವು ಬಂದಿದ್ದರೂ, ಫೋನಿನಲ್ಲಿ ಪ್ರತಿವಾದಿಯ ಹೆಸರನ್ನು ಬೇರೆಯಾಗಿ ಬರೆದಿದ್ದರೂ ಪಾಠವು ಬೇರೆಯಾಗುವುದು.

ಮೌಲ್ಯವನ್ನು ಎಣಿಸುವುದಕ್ಕೆ ಮೊದಲೇ 10,000ವು 40,000 ಆಗಿದ್ದರೆ, ಆ 64 ಚಿಹ್ನೆಗಳು ತಿದ್ದಿದ ಕಡತವನ್ನೇ ನಿಷ್ಠೆಯಿಂದ ಕಾಯುತ್ತವೆ. ಆ ಪ್ರಶ್ನೆಗೆ ಉತ್ತರವನ್ನು ಇಬ್ಬರ ಫೋನುಗಳಲ್ಲಿರುವ ಮೂಲ ಸಂದೇಶಗಳಲ್ಲಿ ಹುಡುಕಬೇಕು.