ಕಾಗದದ ಮೇಲಿನ ಲಾಭ: ಒಂದು ತಿಂಗಳ ಬಿಟ್‌ಕಾಯಿನ್ ಲೆಕ್ಕ

ಕೋಟೆ ವಿಭಾಗದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವ ತರುಣ ಮಿತ್ರರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ಬಂದು, ನೂರು ಪುಟದ ನೋಟುಪುಸ್ತಕವೊಂದನ್ನು ಮೇಜಿನ ಮೇಲಿರಿಸಿದರು. "ರಾಯರೇ, ತಿಂಗಳಿಗೆ ನೂರಕ್ಕೆ ಆರೂವರೆ. ಒಂದು ಕಾಸೂ ಹಾಕಿಲ್ಲ, ಬರೇ ಬರೆದದ್ದು. ಇನ್ನು ನಿಜವಾದ ಹಣ ಹಾಕಲೇ?" ಎಂದು ಕೇಳಿದರು. ಹಣ ಹೂಡದೆ, ಹೂಡಿದಂತೆ ಭಾವಿಸಿ ಕೊಳ್ಳುವಿಕೆ-ಮಾರಾಟಗಳನ್ನು ಬರೆದಿಡುವ ಈ ಕ್ರಮಕ್ಕೆ ಪೇಪರ್ ಟ್ರೇಡಿಂಗ್ ಎನ್ನುತ್ತಾರೆ. ಅಂದು ಸಂಜೆ ನಾವಿಬ್ಬರೂ ಕುಳಿತು ಆ ಪುಸ್ತಕವನ್ನು ಮೊದಲಿನಿಂದ ಓದಿದೆವು.

ಅವರ ನಿಯಮ ಸರಳವಾದುದು. ನಾಲ್ಕು ತಾಸಿಗೊಮ್ಮೆ ಬಿಟ್‌ಕಾಯಿನ್ನಿನ ಬೆಲೆಯನ್ನು ನೋಡುವುದು. ಹಿಂದಿನ ಇಪ್ಪತ್ತು ಬೆಲೆಗಳ ಸರಾಸರಿಗಿಂತ ಅದು ನೂರಕ್ಕೆ ಎರಡರಷ್ಟು ಕೆಳಗಿಳಿದಿದ್ದರೆ ಕೊಳ್ಳುವುದು. ಸರಾಸರಿಗೆ ಮರಳಿದೊಡನೆ ಮಾರುವುದು. ನಾಲ್ವತ್ತು ತಾಸಾದರೂ ಮರಳದಿದ್ದರೆ ಬಂದ ಬೆಲೆಗೆ ಕೈತೊಳೆದುಕೊಳ್ಳುವುದು. ಪ್ರತಿ ಸಲವೂ ಕಲ್ಪನೆಯ ಒಂದು ಲಕ್ಷ ರೂಪಾಯಿ. ಮೂವತ್ತು ದಿನಗಳಲ್ಲಿ ಇಂಥ 14 ವ್ಯವಹಾರಗಳು ನಡೆದವು. ಹನ್ನೊಂದರಲ್ಲಿ ಒಟ್ಟು 11,000 ರೂಪಾಯಿ ಲಾಭ, ಮೂರರಲ್ಲಿ 4,500 ರೂಪಾಯಿ ನಷ್ಟ, ಉಳಿದುದು 6,500. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಗಲ್ಲೆಯವರಲ್ಲವೇ!

ಆದರೆ ಈ ಲೆಕ್ಕದಲ್ಲಿ ಖರ್ಚಿನ ಕಲಮೇ ಇಲ್ಲ. ವಿನಿಮಯ ಕೇಂದ್ರದ ಶುಲ್ಕವನ್ನು ಕೊಳ್ಳುವಾಗ ಸಾವಿರಕ್ಕೆ ಎರಡು, ಮಾರುವಾಗ ಎರಡು ಎಂದು ಹಿಡಿದರೂ, ಲಕ್ಷದ ಒಂದು ವ್ಯವಹಾರಕ್ಕೆ 400 ರೂಪಾಯಿ, ಹದಿನಾಲ್ಕಕ್ಕೆ 5,600. ಉಳಿತಾಯ 900ಕ್ಕೆ ಇಳಿಯಿತು. ಇನ್ನು ತೆರಿಗೆ. 2022ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಕ್ರಿಪ್ಟೊ ಲಾಭದ ಮೇಲೆ ನೂರಕ್ಕೆ 30ರ ತೆರಿಗೆಯಿದೆ. ಅದರ ಮೇಲೆ ನೂರಕ್ಕೆ 4ರ ಸೆಸ್ ಬೇರೆ. ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನೂ ಕಳೆಯಗೊಡುವುದಿಲ್ಲ. ಅರ್ಥಾತ್ ತೆರಿಗೆ ಬೀಳುವುದು 900ರ ಮೇಲಲ್ಲ, 6,500ರ ಮೇಲೂ ಅಲ್ಲ, ಇಡಿಯ 11,000ದ ಮೇಲೆ. ಅದು 3,432 ರೂಪಾಯಿ. ಅಲ್ಲಿಗೆ ನೂರಕ್ಕೆ ಆರೂವರೆಯ ಲಾಭವು 2,532 ರೂಪಾಯಿಗಳ ನಷ್ಟವಾಗಿ ನಿಂತಿತು.

ಇದಲ್ಲದೆ 2022ರ ಜುಲೈಯಿಂದ ಪ್ರತಿ ಮಾರಾಟದ ಮೊತ್ತದಲ್ಲಿ ನೂರಕ್ಕೆ ಒಂದನ್ನು ಟಿ.ಡಿ.ಎಸ್. ಎಂದು ಮೊದಲೇ ಹಿಡಿಯುತ್ತಾರೆ. ಹದಿನಾಲ್ಕು ಮಾರಾಟಗಳಿಗೆ ಸುಮಾರು 14,000. ತೆರಿಗೆಗೆ ಸಂದು ಮಿಕ್ಕುದು ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುವುದು ನಿಜ. ಆದರೆ ಅಲ್ಲಿಯ ತನಕ ಬಂಡವಾಳ ಸಿಕ್ಕಿಬಿದ್ದಂತೆಯೇ. ತಿಂಗಳ ಕೊನೆಯಲ್ಲಿ ಅವರ ಕೈಯಲ್ಲಿ ವ್ಯವಹರಿಸಲು ಲಕ್ಷ ರೂಪಾಯಿ ಇರುತ್ತಲೇ ಇರಲಿಲ್ಲ. ಕಾಗದ ಮಾತ್ರ ಪ್ರತಿ ಸಲವೂ ಲಕ್ಷವನ್ನು ತುಂಬಿಕೊಟ್ಟಿತು.

ಅದೇ ತಿಂಗಳು ಬಿಟ್‌ಕಾಯಿನ್ ತಾನಾಗಿಯೇ ನೂರಕ್ಕೆ ನಾಲ್ಕು ಏರಿತ್ತು. ಮೊದಲ ದಿನ ಕೊಂಡು ಕೊನೆಯ ದಿನ ಮಾರಿದ್ದರೆ, ಶುಲ್ಕ ತೆರಿಗೆಗಳು ಹೋಗಿ ಎರಡು ಸಾವಿರಕ್ಕೂ ಮಿಕ್ಕಿ ಉಳಿಯುತ್ತಿತ್ತು. ನಿಯಮದ ಜಾಣತನಕ್ಕಿಂತ ಏರುತ್ತಿದ್ದ ಪೇಟೆಯ ಪಾಲೇ ಹೆಚ್ಚಿದ್ದೀತು.

ಬಳಿಕ ನಾವು ವೇಳೆಯ ಕಲಮನ್ನು ನೋಡಿದೆವು. ನಾಲ್ಕು ತಾಸಿನ ಬೆಲೆಗಳು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5-30, 9-30, ಮಧ್ಯಾಹ್ನ 1-30, ಹೀಗೆ ಬೀಳುತ್ತವೆ. ನಾಲ್ಕು ಲಾಭದ ಕೊಳ್ಳುವಿಕೆಗಳ ಮುಂದೆ ರಾತ್ರಿ 1-30 ಎಂದಿತ್ತು. "ಆ ಹೊತ್ತಿಗೆ ಎಚ್ಚರವಿದ್ದಿರೇನು?" ಎಂದು ಕೇಳಿದೆ. ಮಿತ್ರರು ನಕ್ಕು, "ಬೆಳಿಗ್ಗೆ ಎದ್ದು ನೋಡಿ ಬರೆದೆ" ಎಂದರು. ಎಚ್ಚರವಾಗಿ ನೋಡಿದ ಬೆಲೆಯನ್ನು ಹಾಕಿದಾಗ ಆ ನಾಲ್ಕರ ಲಾಭ ಅರ್ಧಕ್ಕಿಂತ ಕೆಳಗೆ ಬಂತು. ಮೇಲಿನ ನಷ್ಟದಲ್ಲಿ ಇದನ್ನು ಸೇರಿಸಿಲ್ಲ. ಮಧ್ಯಾಹ್ನದ 1-30 ಕೂಡ ಊಟದ ಗಿರಾಕಿಗಳ ವೇಳೆ. ಆಗ ಗಲ್ಲೆ ಬಿಟ್ಟು ಫೋನು ಹಿಡಿದರೆ ಯಜಮಾನರು ಸುಮ್ಮನಿದ್ದಾರೆಯೇ?

ಎಲ್ಲಕ್ಕೂ ದೊಡ್ಡ ಕೊರತೆ ಪುಸ್ತಕದಲ್ಲಿ ಕಾಣದ್ದು. ಇಳಿದಾಗ ಕೊಳ್ಳುವ ಇಂಥ ನಿಯಮದಲ್ಲಿ ಸಣ್ಣ ಲಾಭಗಳು ಪದೇ ಪದೇ ಬರುತ್ತವೆ. ದೊಡ್ಡ ನಷ್ಟ ಅಪರೂಪಕ್ಕೆ ಬರುತ್ತದೆ. ಹದಿನಾಲ್ಕರಲ್ಲಿ ಹನ್ನೊಂದು ಗೆದ್ದುದು ನಿಯಮದ ಸ್ವಭಾವವೇ ಹೊರತು ಅದರ ಒಳ್ಳೆಯತನದ ಸಾಕ್ಷಿಯಲ್ಲ. 2021ರ ಮೇ 19ರಂದು ಬಿಟ್‌ಕಾಯಿನ್ ಒಂದೇ ದಿನದಲ್ಲಿ ಸುಮಾರು 43,000 ಡಾಲರಿನಿಂದ 30,000ದ ಹತ್ತಿರಕ್ಕೆ ಕುಸಿದು, ಮತ್ತೆ ಸ್ವಲ್ಪ ಏರಿತು. ಅಂಥ ದಿನ ಈ ನಿಯಮವು ಇಳಿತದ ಆರಂಭದಲ್ಲೇ ಕೊಂಡು ಕೂರುತ್ತದೆ. ನೂರಕ್ಕೆ ಹತ್ತು ಕಳೆದುಕೊಂಡು ಹೊರಬಂದರೂ ಹೋಗುವುದು 10,000. ಹನ್ನೊಂದು ಲಾಭಗಳಲ್ಲಿ ಬಹುಪಾಲು ಒಂದು ಏಟಿಗೆ. ಅವರ ತಿಂಗಳಿನಲ್ಲಿ ಅಂಥ ದಿನ ಬರಲಿಲ್ಲ. ಆದುದರಿಂದ ಆ ತಿಂಗಳು ಅದರ ವಿಷಯವಾಗಿ ಏನನ್ನೂ ಹೇಳಲಾರದು. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಕೇಂದ್ರದಲ್ಲಿ ಕಳವಾಗಿ, ಗಿರಾಕಿಗಳು ಹಣ ತೆಗೆಯಲಾರದೆ ಕುಳಿತಂಥ ಸಂಕಟವೂ ನೋಟುಪುಸ್ತಕಕ್ಕೆ ತಟ್ಟುವುದಿಲ್ಲ.

ಹಾಗೆಂದು ಆ ತಿಂಗಳು ವ್ಯರ್ಥವಾಯಿತೆನ್ನಲಾರೆ. ನಿಯಮವು ಸಂದಿಗ್ಧವಿಲ್ಲದೆ ಬರೆಯಬಹುದಾದುದು, ತಿಂಗಳಿಗೆ ಹದಿನಾಲ್ಕರಷ್ಟು ವ್ಯವಹಾರ ಬೇಡುತ್ತದೆ ಎಂಬಿವೆರಡು ಗೊತ್ತಾದವು. ಎರಡನೆಯದು ತಿಳಿಯದಿದ್ದರೆ ಶುಲ್ಕ ತೆರಿಗೆಗಳ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಕಾಸು ಕಳೆಯದೆ ಇಷ್ಟು ತಿಳಿದದ್ದು ಅಗ್ಗವೇ ಸರಿ.

ಮಿತ್ರರು ಹಣ ಹಾಕಲಿಲ್ಲ. ಹೊಸ ಪುಸ್ತಕವೊಂದರಲ್ಲಿ ಶುಲ್ಕ, ಟಿ.ಡಿ.ಎಸ್., ಮತ್ತು "ನೋಡಿದ ನಿಜ ವೇಳೆ" ಎಂಬ ಮೂರು ಕಲಮುಗಳನ್ನು ಗೆರೆಹಾಕಿಕೊಂಡಿದ್ದಾರೆ. ಮೊದಲು 2021ರ ಮೇ ತಿಂಗಳ ಹಳೆಯ ಬೆಲೆಗಳನ್ನು ತೆಗೆದು, ಅದೇ ನಿಯಮವನ್ನು ಅವುಗಳ ಮೇಲೆ ಬರೆದು ತರುವುದಾಗಿ ಹೇಳಿ ಹೋಗಿದ್ದಾರೆ.